ರಿಪೋರ್ಟ್ ಒಂದೇ ಕಳಿಸಬೇಡಿ, ಅದರ ಹಿಂದಿನ ಲೆಕ್ಕವನ್ನೂ ಕಳಿಸಿ

ಪ್ರಶ್ನೆ: ನಮ್ಮದು ಕೋಲಾರದ ಸಣ್ಣ ಸ್ಟಾರ್ಟಪ್. 2024ರ ಜನವರಿಯಲ್ಲಿ ಹೂಡಿಕೆದಾರರಿಗೆ 450 ರೂಪಾಯಿಯಂತೆ ಷೇರು ಕೊಟ್ಟೆವು. ವ್ಯಾಲ್ಯುಯೇಷನ್ ರಿಪೋರ್ಟ್‌ನಲ್ಲಿ ಬೆಲೆ 420. ಈಗ ಜಾಸ್ತಿ ಬೆಲೆಗೆ ಕೊಟ್ಟಿದ್ದೀರಿ ಅಂತ ಆದಾಯ ತೆರಿಗೆ ಇಲಾಖೆಯಿಂದ 142(1) ನೋಟಿಸ್ ಬಂದಿದೆ. ಹಾಗೆ ಜಾಸ್ತಿ ಬಂದ ಹಣಕ್ಕೆ ಹಾಕುತ್ತಿದ್ದ ಏಂಜೆಲ್ ಟ್ಯಾಕ್ಸ್ ತೆಗೆದುಹಾಕಿದ್ದಾರಲ್ವಾ? ರಿಪೋರ್ಟ್ ಅಪ್‌ಲೋಡ್ ಮಾಡಿದರೆ ಸಾಕಾ, ಇಲ್ಲ ಈಗಿನ ಲೆಕ್ಕ ಹಾಕಿ ಹೊಸದು ಮಾಡಿಸಬೇಕಾ?

ಉತ್ತರ: ರಿಪೋರ್ಟ್ ಅಪ್‌ಲೋಡ್ ಮಾಡಿ ಕೆಲಸ ಮುಗಿಯಿತು ಅಂದುಕೊಂಡವರಲ್ಲಿ ನಾನೂ ಒಬ್ಬ. ಅದರಿಂದ ಆದದ್ದನ್ನೇ ಹೇಳುತ್ತೇನೆ.

ನಮ್ಮ ಕಂಪನಿ ಚಿಕ್ಕಬಳ್ಳಾಪುರದ್ದು. ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಬಿಸಿ, ತೇವ ಎಷ್ಟಿದೆ ಅಂತ ಅಳೆದು ರೈತರ ಫೋನಿಗೆ ತಿಳಿಸುವ ಒಂದು ಪುಟ್ಟ ಉಪಕರಣ ಮಾಡುತ್ತೇವೆ. 2021ರ ಫೆಬ್ರವರಿಯಲ್ಲಿ ಶಿಡ್ಲಘಟ್ಟದ ಇಬ್ಬರು, ಬೆಂಗಳೂರಿನ ಒಬ್ಬರು ಹಣ ಹಾಕಿದರು. 10 ರೂಪಾಯಿ ಮುಖಬೆಲೆಯ 10,000 ಷೇರು, ಒಂದಕ್ಕೆ 800 ರೂಪಾಯಿ. ಒಟ್ಟು 80 ಲಕ್ಷ. ಮರ್ಚೆಂಟ್ ಬ್ಯಾಂಕರ್ ಕೈಯಲ್ಲಿ ಡಿಸಿಎಫ್ ರಿಪೋರ್ಟ್ ಮಾಡಿಸಿದ್ದೆವು. ಮುಂದಿನ ವರ್ಷಗಳಲ್ಲಿ ಬರುವ ಹಣವನ್ನು ಅಂದಾಜು ಮಾಡಿ, ಅದಕ್ಕೆ ಇವತ್ತಿನ ಬೆಲೆ ಎಷ್ಟು ಅಂತ ಕಟ್ಟುವ ವಿಧಾನ ಅದು. ಅದರಲ್ಲಿ ಬಂದ ಬೆಲೆಯೂ 800 ರೂಪಾಯಿಯೇ. ಎಲ್ಲ ಕಾನೂನು ಪ್ರಕಾರವೇ ಇತ್ತು.

ಮುಂದಿನ ವರ್ಷ ನೋಟಿಸ್ ಬಂತು. ಏಂಜೆಲ್ ಟ್ಯಾಕ್ಸ್‌ನ ಸೆಕ್ಷನ್ 56(2)(viib) ಕೆಳಗೆ ಷೇರಿನ ಬೆಲೆಗೆ ಸಮರ್ಥನೆ ಕೊಡಿ ಅಂತ. ಆಡಿಟರ್ ಕಚೇರಿಯಿಂದ ರಿಪೋರ್ಟ್‌ನ ಪಿಡಿಎಫ್ ಹೋಯಿತು, ಜೊತೆಗೆ ಎರಡು ಸಾಲಿನ ಪತ್ರ. ನಾನು ಅದಕ್ಕೆ ಒಪ್ಪಿಗೆ ಕೊಟ್ಟೆ. ಆ ರಿಪೋರ್ಟ್‌ನ ಕೊನೆಯ ಪುಟದಲ್ಲಿ ಏನಿತ್ತು ಅಂತ ಓದಿರಲಿಲ್ಲ. ನೀವು ಈಗಲೇ ನಿಮ್ಮದನ್ನು ತೆಗೆದು ನೋಡಿ, ಇದೇ ಮಾತು ಇರುತ್ತದೆ: ಈ ಅಂದಾಜುಗಳನ್ನು ಕಂಪನಿಯ ಆಡಳಿತ ಕೊಟ್ಟಿದೆ, ನಾವು ಪರಿಶೀಲಿಸಿಲ್ಲ, ಅದಕ್ಕೆ ನಾವು ಹೊಣೆಯಲ್ಲ.

ಅಧಿಕಾರಿ ಹಿಡಿದದ್ದು ಆ ಸಾಲನ್ನೇ. ನಮ್ಮ ಪಟ್ಟಿಯಲ್ಲಿ ಮೊದಲ ವರ್ಷ 400 ಉಪಕರಣ, ಎರಡನೇ ವರ್ಷ 1,500, ಮೂರನೇ ವರ್ಷ 4,000 ಅಂತಿತ್ತು. 1,500 ಎಲ್ಲಿಂದ ಬಂತು? ಬ್ಯಾಂಕರ್ ನೋಡಿಲ್ಲ ಅಂದಿದ್ದಾರೆ, ಕಂಪನಿ ಆಧಾರ ಕೊಟ್ಟಿಲ್ಲ. ಅಷ್ಟರಲ್ಲಿ ಮೊದಲ ವರ್ಷದ ನಿಜವಾದ ಮಾರಾಟದ ಲೆಕ್ಕವೂ ಅವರ ಕೈಯಲ್ಲಿತ್ತು. ಎರಡನೇ ಅಲೆಯ ಲಾಕ್‌ಡೌನ್‌ನಲ್ಲಿ ನಮ್ಮ ಹುಡುಗರು ಹಳ್ಳಿಗೆ ಹೋಗಿ ಉಪಕರಣ ಕೂರಿಸೋಕೇ ಆಗಿರಲಿಲ್ಲ. ಅಂದಾಜಿನ ಕಾಲು ಭಾಗವೂ ಮಾರಾಟ ಆಗಿಲ್ಲ, ಆದ್ದರಿಂದ ಅಂದಾಜೇ ಸುಳ್ಳು ಅಂತ ಬರೆದರು. ಡಿಸಿಎಫ್ ಬಿಟ್ಟು, ಬ್ಯಾಲೆನ್ಸ್ ಶೀಟ್‌ನ ಆಸ್ತಿಯಿಂದ ಸಾಲ ಕಳೆಯುವ ಲೆಕ್ಕ ಹಾಕಿದರು. ಷೇರಿಗೆ 35 ರೂಪಾಯಿ ಬಂತು. ಉಳಿದ 765 ರೂಪಾಯಿ, 10,000 ಷೇರಿಗೆ 76.5 ಲಕ್ಷ, ನಮ್ಮ ಆದಾಯ ಅಂತಾಯಿತು. ಸೆಸ್ ಸೇರಿ ಶೇ 26ರ ಲೆಕ್ಕದಲ್ಲಿ ತೆರಿಗೆ 19.89 ಲಕ್ಷ, ಬಡ್ಡಿ ಬೇರೆ. ಕೆಲಸ ನಡೆಸೋಕೆ ತಂದ ಹಣ ಅದು, ಲಾಭ ಅಲ್ಲ.

ಆ 1,500ಕ್ಕೆ ಆಧಾರ ಇರಲಿಲ್ಲ ಅಂತಲ್ಲ. ಮರಿ ಹುಳು ಸಾಕಿ ಕೊಡುವ ಚಾಕಿ ಸಾಕಾಣಿಕೆ ಕೇಂದ್ರ ನಡೆಸುವವರು ತಮ್ಮಲ್ಲಿ ಹುಳು ಒಯ್ಯುವ ರೈತರಿಗೆ ನಮ್ಮ ಉಪಕರಣ ಕೊಡಿಸುತ್ತೇವೆ ಅಂತ ಬರೆದುಕೊಟ್ಟ ಪತ್ರಗಳಿದ್ದವು. ಪ್ರಯೋಗಕ್ಕೆ ಹಾಕಿದ್ದ ಮನೆಗಳ ಪಟ್ಟಿ, ಮುಂಗಡದ ರಸೀದಿ, ಬ್ಯಾಂಕರ್‌ಗೆ ಕಳಿಸಿದ್ದ ಎಕ್ಸೆಲ್ ಫೈಲು, ಅದರ ಮೇಲೆ ನಡೆದ ಇಮೇಲ್‌ಗಳು, ಎಲ್ಲವೂ ಷೇರು ಕೊಡುವ ಮೊದಲಿನ ತಾರೀಕಿನವು. ನನ್ನ ಲ್ಯಾಪ್‌ಟಾಪ್‌ನಲ್ಲೇ ಇದ್ದವು. ಕೇಳಿದಾಗ ಕೊಡಲಿಲ್ಲ, ಅಷ್ಟೇ.

ಇದರ ಬೆಲೆ ಅಪೀಲಿನಲ್ಲಿ ಗೊತ್ತಾಯಿತು. ಅಧಿಕಾರಿಯ ಮುಂದೆ ಇಡದ ಕಾಗದವನ್ನು ಅಪೀಲಿನಲ್ಲಿ ಇಟ್ಟರೆ ಅದು ಹೊಸ ಸಾಕ್ಷ್ಯ ಆಗುತ್ತದೆ. ರೂಲ್ 46ಎ ಪ್ರಕಾರ ಮೊದಲೇ ಯಾಕೆ ಕೊಡಲಿಲ್ಲ ಅಂತ ಕಾರಣ ಹೇಳಬೇಕು. ಆಮೇಲೆ ಆ ಕಾಗದ ಅಭಿಪ್ರಾಯಕ್ಕೆ ಅಂತ ಮತ್ತೆ ಅಧಿಕಾರಿಯ ಹತ್ತಿರವೇ ಹೋಗುತ್ತದೆ. ಅಷ್ಟು ದಿನ ವಸೂಲಿ ತಡೆಯೋಕೆ ಬೇಡಿಕೆಯ ಶೇ 20 ಕಟ್ಟಿದೆವು. ಆ ಹಣಕ್ಕಾಗಿ ಇಬ್ಬರು ಒಳ್ಳೆಯ ಹುಡುಗರನ್ನು ಬಿಟ್ಟುಕೊಡಬೇಕಾಯಿತು. ಕೊನೆಗೆ ಅಪೀಲಿನಲ್ಲಿ ನಮ್ಮ ಪರ ಆಯಿತು. ಆ ಇಬ್ಬರು ವಾಪಸ್ ಬರಲಿಲ್ಲ.

ಈಗ ನಿಮ್ಮ ವಿಷಯ. ಏಂಜೆಲ್ ಟ್ಯಾಕ್ಸ್ ಹೋಗಿರುವುದು ನಿಜ, ಆದರೆ 2024ರ ಏಪ್ರಿಲ್ 1ರಿಂದ ಈಚೆಗೆ ಕೊಟ್ಟ ಷೇರಿಗೆ ಮಾತ್ರ. ನಿಮ್ಮದು ಜನವರಿ. ಆ ವಾದ ಬರೆಯಲೇಬೇಡಿ. ಅದರ ಬದಲು ಸ್ಟಾರ್ಟಪ್ ಅಂತ ಕೇಂದ್ರ ಸರ್ಕಾರದ ಡಿಪಿಐಐಟಿ ಇಲಾಖೆ ಕೊಡುವ ಮಾನ್ಯತೆ ಇದೆಯಾ, ಈ ತೆರಿಗೆಯ ವಿನಾಯಿತಿಗೆ ಫಾರ್ಮ್ 2 ಘೋಷಣೆ ಹಾಕಿದ್ದೀರಾ ಅಂತ ಮೊದಲು ನೋಡಿ. ಮಾನ್ಯತೆ ಇರುವ ಸ್ಟಾರ್ಟಪ್‌ಗಳ ಈ ವಿಷಯವನ್ನು ಕೆದಕಬೇಡಿ ಅಂತ ನೇರ ತೆರಿಗೆ ಮಂಡಳಿ 2023ರ ಅಕ್ಟೋಬರ್‌ನಲ್ಲಿ ಅಧಿಕಾರಿಗಳಿಗೆ ಸೂಚನೆ ಕೊಟ್ಟಿದೆ. ನಮಗೆ ಆ ಮಾನ್ಯತೆ ಇರಲಿಲ್ಲ.

420ಕ್ಕೂ 450ಕ್ಕೂ ಇರುವ 30 ರೂಪಾಯಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 2023ರ ಸೆಪ್ಟೆಂಬರ್‌ನಲ್ಲಿ ತಿದ್ದಿದ ರೂಲ್ 11ಯುಎ ಪ್ರಕಾರ ಶೇ 10ರವರೆಗಿನ ವ್ಯತ್ಯಾಸ ನಡೆಯುತ್ತದೆ. 420ಕ್ಕೆ ಅದು 462ರವರೆಗೆ ಬರುತ್ತದೆ. ಆದರೆ ನೋಟಿಸ್‌ನ ನಿಜವಾದ ಪ್ರಶ್ನೆ ಆ 30 ಅಲ್ಲ, 420 ಹೇಗೆ ಬಂತು ಅನ್ನುವುದು. ಅಧಿಕಾರಿ ಅದನ್ನೇ 100ಕ್ಕೆ ಇಳಿಸಿದರೆ ಶೇ 10 ಯಾವ ಮೂಲೆಗೂ ಸಾಲದು. ಜೊತೆಗೆ ರಿಪೋರ್ಟ್ ಮರ್ಚೆಂಟ್ ಬ್ಯಾಂಕರ್‌ದೇ ತಾನೇ ಅಂತ ಖಚಿತ ಮಾಡಿಕೊಳ್ಳಿ. ಕಂಪನಿ ಕಾನೂನಿಗಾಗಿ ರಿಜಿಸ್ಟರ್ಡ್ ವ್ಯಾಲ್ಯುಯರ್ ಕೊಟ್ಟ ರಿಪೋರ್ಟ್ ಬೇರೆ, ಡಿಸಿಎಫ್‌ಗೆ ಇಲ್ಲಿ ಅದು ನಡೆಯಲ್ಲ.

ಹೊಸ ರಿಪೋರ್ಟ್ ಮಾಡಿಸುವ ಯೋಚನೆ ಬಿಟ್ಟುಬಿಡಿ. ನನ್ನ ಪ್ರಕಾರ ಅದಕ್ಕಿಂತ ಕೆಟ್ಟ ದಾರಿ ಇಲ್ಲ. ಈಗಿನ ಲೆಕ್ಕ ಹಾಕಿ ಮಾಡಿಸಿದರೆ ಹಳೆಯದು ಸರಿ ಇರಲಿಲ್ಲ ಅಂತ ನೀವೇ ಒಪ್ಪಿಕೊಂಡ ಹಾಗೆ. ಷೇರು ಕೊಟ್ಟ ದಿನ ಏನು ಗೊತ್ತಿತ್ತೋ ಅದರ ಮೇಲೆಯೇ ಬೆಲೆ ನಿಲ್ಲಬೇಕು, ಆಮೇಲಿನ ಮಾರಾಟದಿಂದ ಅಳೆಯುವಂತಿಲ್ಲ ಅಂತ ಬೆಂಗಳೂರಿನ ಆದಾಯ ತೆರಿಗೆ ನ್ಯಾಯಮಂಡಳಿ ಇನ್ನೊವಿಟಿ ಪೇಮೆಂಟ್ ಸೊಲ್ಯೂಷನ್ಸ್ ಪ್ರಕರಣದಲ್ಲಿ ಹೇಳಿದೆ. ಕಂಪನಿ ಆರಿಸಿದ ಡಿಸಿಎಫ್ ವಿಧಾನವನ್ನು ಅಧಿಕಾರಿ ಬದಲಿಸುವ ಹಾಗಿಲ್ಲ ಅಂತ ಬಾಂಬೆ ಹೈಕೋರ್ಟ್ ವೊಡಾಫೋನ್ ಎಂ-ಪೆಸಾ ಪ್ರಕರಣದಲ್ಲಿ 2018ರಲ್ಲೇ ಹೇಳಿದೆ. ಆದರೆ ಅಂದಾಜಿಗೆ ಆಧಾರ ತೋರಿಸುವ ಹೊಣೆ ನಿಮ್ಮದೇ ಅಂತಲೂ ಬೆಂಗಳೂರಿನ ಆ ತೀರ್ಪಿನಲ್ಲಿದೆ. ಜನ ಇದನ್ನು ಓದುವುದೇ ಇಲ್ಲ.

ಹಾಗಾಗಿ ರಿಪೋರ್ಟ್‌ನ ಒಂದೊಂದು ಅಂಕಿಯ ಎದುರಿಗೂ ಅದಕ್ಕೆ ಆಧಾರವಾದ ಕಾಗದ ಯಾವುದು ಅಂತ ಬರೆಯಿರಿ. ಮೊದಲ ವರ್ಷದ ಮಾರಾಟಕ್ಕೆ ಆರ್ಡರ್ ಪ್ರತಿ. ಬೆಲೆಗೆ ಹಳೆಯ ಬಿಲ್. ಮುಂದೆ ಬರುವ ಹಣವನ್ನು ಇವತ್ತಿನ ಬೆಲೆಗೆ ಇಳಿಸುವ ಡಿಸ್ಕೌಂಟ್ ದರ ಇಷ್ಟೇ ಯಾಕೆ ಅನ್ನುವುದಕ್ಕೆ ಬ್ಯಾಂಕರ್ ಕೈಯಿಂದ ಒಂದು ಪುಟದ ವಿವರಣೆ ಪತ್ರ. ಈ ಪತ್ರಕ್ಕೆ ಇವತ್ತಿನ ತಾರೀಕೇ ಇರಲಿ, ಹಿಂದಿನದು ಹಾಕಿಸಬೇಡಿ. ಮಾರಾಟ ಕಡಿಮೆ ಆಗಿದ್ದರೆ ಮುಚ್ಚಿಡದೆ ಕಾರಣ ಬರೆಯಿರಿ. ಹೂಡಿಕೆದಾರರ ಬ್ಯಾಂಕ್ ಸ್ಟೇಟ್‌ಮೆಂಟ್, ರಿಟರ್ನ್ ಕೂಡ ಈಗಲೇ ತರಿಸಿಕೊಳ್ಳಿ, ಮುಂದಿನ ಪ್ರಶ್ನೆ ಹಣದ ಮೂಲದ್ದೇ ಇರುತ್ತದೆ.

ಕೊಟ್ಟ ಗಡುವು ಸಾಲದಿದ್ದರೆ ಅದು ಮುಗಿಯುವ ಮೊದಲೇ ಪೋರ್ಟಲ್‌ನಲ್ಲಿ ಸಮಯ ಕೇಳಿ. ಶೋಕಾಸ್ ನೋಟಿಸ್ ಬಂದರೆ ವಿಡಿಯೋ ವಿಚಾರಣೆ ಕೇಳಿ, ಆಡಿಟರ್ ಜೊತೆ ನೀವೂ ಕೂತುಕೊಳ್ಳಿ. ಆ ಅಂಕಿ ಹಾಕಿದವರು ನೀವು. ಅದು ಎಲ್ಲಿಂದ ಬಂತು ಅಂತ ನಿಮ್ಮಷ್ಟು ಚೆನ್ನಾಗಿ ಆಡಿಟರ್ ಹೇಳೋಕೆ ಆಗಲ್ಲ.