ಇಪ್ಪತ್ತು ವರ್ಷ ಸುಮ್ಮನಿದ್ದು ಈಗೇಕೆ ತೆಗೆದರು?

ಸರ, ನೀವು ಮೈಸೂರಿನಿಂದ ನಿಪ್ಪಾಣಿಗೆ ವರ್ಗವಾಗಿ ಬಂದು ತಿಂಗಳೂ ಆಗಿಲ್ಲ, ಅಷ್ಟರಲ್ಲೇ ಚಹಾದ ಅಂಗಡಿಯಲ್ಲಿ, ಸುಳ್ಳು ಅಂಕಪಟ್ಟಿ ಕೊಟ್ಟು ಸೇರಿದ್ದ ಸರ್ಕಾರಿ ನೌಕರನೊಬ್ಬನನ್ನು ಕೆಲಸದಿಂದ ತೆಗೆದ ಸುದ್ದಿ ಕಿವಿಗೆ ಬಿತ್ತು. ‘ಇಪ್ಪತ್ತು ವರ್ಷ ದುಡಿದ ಮನುಷ್ಯ. ಅವನ ಮಾರ್ಕ್ಸ್ ಕಾರ್ಡ್ ಸುಳ್ಳು ಅಂತ ತಿಳಿಯೋಕೆ ಇಪ್ಪತ್ತು ವರ್ಷ ಬೇಕಾಯ್ತಾ?’ ಅಂತ ಕೇಳಿದಿರಿ. ನಾನು ನಿವೃತ್ತಿಯಾಗುವವರೆಗೂ ಒಂದು ಕಚೇರಿಯ ಸಿಬ್ಬಂದಿ ಶಾಖೆಯಲ್ಲಿ ಇದ್ದವನು. ಅಂಥ ಕಡತಗಳನ್ನು ಕಟ್ಟಿ ಬಿಚ್ಚಿ ಕೈ ಸವೆದಿದೆ. ಒಬ್ಬನ ಕಥೆಯನ್ನೇ ಹೇಳುತ್ತೇನೆ. ಹೆಸರು ಬೇಡ, ಅವನ ಮಕ್ಕಳು ಇಲ್ಲೇ ಓದುತ್ತಿದ್ದಾರೆ.

ಮೊದಲು ನಮ್ಮ ಗಡಿ ಹೇಗಿದೆ ಅಂತ ತಿಳಿಯಬೇಕು. ಕೊಗನೊಳ್ಳಿ ಚೆಕ್‌ಪೋಸ್ಟ್ ದಾಟಿದರೆ ಕಾಗಲ್, ಅಲ್ಲಿಂದ ಮುಂದೆ ಕೊಲ್ಹಾಪುರ. ಅವ್ವನ ತವರು ಆ ಕಡೆ, ಹೊಲ ಈ ಕಡೆ, ಶಾಲೆ ಎಲ್ಲಿ ಹತ್ತಿರವೋ ಅಲ್ಲಿ. ಮನೆಯಲ್ಲಿ ಕನ್ನಡ ಮಾತಾಡುವ ಹುಡುಗ ದಹಾವಿ, ಅಂದರೆ ಹತ್ತನೆಯದನ್ನು ಮರಾಠಿಯಲ್ಲಿ ಬರೆಯುವುದು ಇಲ್ಲಿ ಸಾಮಾನ್ಯ. ಶಾಲೆ ಬಿಟ್ಟಾಗ ಕೊಡುವ ಕಾಗದಕ್ಕೆ ಈ ಕಡೆ ಟಿಸಿ ಅಂತಾರೆ, ಆ ಕಡೆ ಎಲ್‌ಸಿ. ನಮ್ಮ ಕಚೇರಿಗಳಲ್ಲಿ ಕರ್ನಾಟಕ ಬೋರ್ಡಿನ ಅಂಕಪಟ್ಟಿ ಕಂಡರೆ ಕಣ್ಣೇ ಹೇಳುತ್ತಿತ್ತು, ಇದು ಸರಿ, ಇದು ಬೇರೆ ಅಂತ. ಮಹಾರಾಷ್ಟ್ರದ್ದು ಬಂದರೆ ಎದುರಿಗೆ ಹಿಡಿದು ಹೋಲಿಸಲು ಒಂದು ಮಾದರಿಯೂ ಇರುತ್ತಿರಲಿಲ್ಲ. ಏಜೆಂಟರು ಹೊಕ್ಕಿದ್ದು ಆ ಸಂದಿಯಲ್ಲೇ.

ನಮ್ಮವನ ತಂದೆ ಸೇವೆಯಲ್ಲಿದ್ದಾಗಲೇ ತೀರಿಕೊಂಡರು. ಇವನಿಗೆ ಅನುಕಂಪದ ಆಧಾರದ ನೌಕರಿ ಬರಬೇಕಿತ್ತು. ಆದರೆ ಹತ್ತನೆಯದರಲ್ಲಿ ಎರಡು ವಿಷಯ ಹೋಗಿದ್ದವು. ಗುಮಾಸ್ತನ ಹುದ್ದೆ ಗ್ರೂಪ್ ಸಿ, ಅದಕ್ಕೆ ಪಾಸಾಗಿರಲೇಬೇಕಿತ್ತು. ನಾಪಾಸಾದವನಿಗೆ ಗ್ರೂಪ್ ಡಿ, ಅಂದರೆ ಜವಾನನ ಹುದ್ದೆ. ಮನೆಯವರಿಗೆ ಅದು ಅವಮಾನ ಅನಿಸಿತು. ಒಬ್ಬ ಏಜೆಂಟ ಬಂದ, ‘ದಹಾವಿ ಪಾಸ್’ ಕಾಗದ ಬಂತು, 2003ರಲ್ಲಿ ಹುಡುಗ ಕುರ್ಚಿಯಲ್ಲಿ ಕೂತ.

‘ಆಗ ಯಾರೂ ತಪಾಸಣೆ ಮಾಡಲಿಲ್ಲವೇ?’ ಅಂತ ಕೇಳುತ್ತೀರಿ. ಮಾಡಿದರು ಸರ. ನೈಜತೆ ಪರಿಶೀಲನೆಗೆ ಬೋರ್ಡಿಗೆ ಪತ್ರ ಟೈಪಾಯಿತು. ಆದರೆ ಅಂಚೆಯಲ್ಲಿ ಹೋದರೆ ತಿಂಗಳುಗಟ್ಟಲೆ ತಡ, ಹುಡುಗನ ಮನೆ ನಡೆಯಬೇಕು ಅಂತ ಕನಿಕರಪಟ್ಟ ವಿಷಯ ನಿರ್ವಾಹಕರು ಲಕೋಟೆಯನ್ನು ಅವನ ಕೈಯಲ್ಲೇ ಕೊಟ್ಟರು. ವಾರದಲ್ಲಿ ಉತ್ತರ ಬಂತು, ದುಂಡು ಸೀಲು, ಸಹಿ, ‘ಸದರಿ ಅಂಕಪಟ್ಟಿ ನೈಜವಾಗಿದೆ’. ಕಳಿಸಿದ ಪತ್ರ ಏಜೆಂಟನ ಮನೆ ದಾಟಿ ಹೋಗಿರಲಿಲ್ಲ. ಸೇವಾ ಪುಸ್ತಕದಲ್ಲಿ ನಮೂದಾಯಿತು, ಪ್ರೊಬೇಷನ್ ಮುಗಿಯಿತು. ಒಮ್ಮೆ ನಮೂದಾದದ್ದನ್ನು ಮತ್ತೆ ಯಾರು ಕೆದಕುತ್ತಾರೆ? ಕೆದಕುವುದು ಎರಡೇ ಸಲ. ಒಂದು ಬಡ್ತಿಯ ಹೊತ್ತು, ಇನ್ನೊಂದು ಮೂಗರ್ಜಿ ಬಂದಾಗ. ಮೂಗರ್ಜಿ ಬರೆಯುವವ ಹೊರಗಿನವನಲ್ಲ ಸರ. ಬದುವಿನ ಜಗಳವಾಡಿದ ಅಣ್ಣತಮ್ಮ, ಇಲ್ಲವೇ ಜ್ಯೇಷ್ಠತಾ ಪಟ್ಟಿಯಲ್ಲಿ ಒಂದು ಹೆಜ್ಜೆ ಕೆಳಗೆ ನಿಂತ ಸಹೋದ್ಯೋಗಿ. ಗೆಳೆತನದಲ್ಲಿ ಎಂದೋ ಹೇಳಿಕೊಂಡ ಗುಟ್ಟು ಬಡ್ತಿಯ ವರ್ಷ ಹೊರಗೆ ಬರುತ್ತದೆ.

ಇವನ ಪಾಲಿಗೆ ಎರಡೂ ಒಟ್ಟಿಗೆ ಬಂದವು. 2019ರಲ್ಲಿ ಬಡ್ತಿಯ ಪಟ್ಟಿ, ಅದರ ಬೆನ್ನಿಗೆ ಅರ್ಜಿ. ಈ ಸಲ ಪತ್ರವನ್ನು ನಾವೇ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆವು, ವಿಳಾಸವನ್ನೂ ಬೋರ್ಡಿನ ಜಾಲತಾಣದಿಂದ ನಾವೇ ತೆಗೆದೆವು. ಬಂದ ಉತ್ತರ ಒಂದೇ ಸಾಲು. ಆ ವರ್ಷದ ಆ ಆಸನ ಸಂಖ್ಯೆ ಬೇರೊಬ್ಬ ಹುಡುಗಿಯದು.

ಇಲ್ಲಿ ಒಂದು ಮಾತು ಬಿಡಬಾರದು. ಹೆಸರು ಹೊಂದದಿದ್ದರೆ ಕಾಗದ ಸುಳ್ಳು ಅಂತ ಅಲ್ಲ. ಮರಾಠಿಯಲ್ಲಿ ಬರೆದ ಹೆಸರು ಇಂಗ್ಲಿಷಿಗೆ ಹೋಗಿ ಕನ್ನಡಕ್ಕೆ ಬರುವಷ್ಟರಲ್ಲಿ ರೂಪ ಬದಲಿಸುತ್ತದೆ. ಆ ಕಡೆ ಅಡ್ಡಹೆಸರು ಮೊದಲು, ಕೊನೆಗೆ ತಂದೆಯ ಹೆಸರು. ಈ ಕಡೆ ಅಡ್ಡಹೆಸರು ಕೊನೆಗೆ. ಇದರಿಂದ ಪಾಪದವರೂ ನೋಟಿಸು ತಿಂದಿದ್ದಾರೆ. ಅಂಥವರನ್ನು ಉಳಿಸುವುದು ಶಾಲೆಯ ಜನರಲ್ ರಿಜಿಸ್ಟರ್. ಅದರಲ್ಲಿ ಸೇರಿದ ದಿನ, ಹುಟ್ಟಿದ ದಿನ, ತಾಯಿಯ ಹೆಸರು, ಬಿಟ್ಟ ದಿನ ಒಂದೇ ಸಾಲಿನಲ್ಲಿ ಇರುತ್ತವೆ. ಸಂಖ್ಯೆಯೇ ಬೇರೆಯವರದಾದರೆ ಆ ರಿಜಿಸ್ಟರೂ ಕಾಯಲಾರದು.

ಇನ್ನೊಂದು ಬಗೆಯೂ ಉಂಟು. ಅಲ್ಲಿ ಕಾಗದ ಕೊಟ್ಟವರು ನಿಜ, ಕೊಡುವ ಅಧಿಕಾರ ಸುಳ್ಳು. ನಮ್ಮ ಜಿಲ್ಲೆಯ ಗೋಕಾಕದ ವಿಳಾಸವಿರುವ ‘ಬಡಗಾಂವಿ ಸರ್ಕಾರ್ ವರ್ಲ್ಡ್ ಓಪನ್ ಯೂನಿವರ್ಸಿಟಿ ಎಜುಕೇಶನ್ ಸೊಸೈಟಿ’ಯ ಹೆಸರು ಯುಜಿಸಿಯ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ವರ್ಷಗಟ್ಟಲೆ ಇತ್ತು. ಇಂಥ ಪಟ್ಟಿಯಲ್ಲಿರುವ ಕಡೆ ಫೀ ಕಟ್ಟಿ ಓದಿದವ ತಾನು ಮೋಸ ಮಾಡಿಲ್ಲ, ಮೋಸ ಹೋಗಿದ್ದೇನೆ ಅನ್ನಬಹುದು. ಪೊಲೀಸ್ ಕೇಸಿನಲ್ಲಿ ಆ ಮಾತಿಗೆ ಬೆಲೆ ಇದೆ, ಯಾಕೆಂದರೆ ಅಲ್ಲಿ ಗೊತ್ತಿದ್ದೂ ಮಾಡಿದ ಅಂತ ತೋರಿಸಬೇಕು. ನೌಕರಿಯ ಮಟ್ಟಿಗೆ ಅದು ಅಷ್ಟಾಗಿ ನಡೆಯದು. ಪದವಿ ಇಲ್ಲದಿದ್ದ ಮೇಲೆ ಅರ್ಹತೆ ಎಲ್ಲಿಯದು?

ಬೋರ್ಡಿನ ಉತ್ತರ ಬಂದ ಮೇಲೆ ನಮ್ಮವನನ್ನು ಅಮಾನತು ಮಾಡಿದರು. ಅರ್ಧ ಸಂಬಳ ಜೀವನಾಧಾರ ಭತ್ಯೆಯಾಗಿ ಬರುತ್ತಿತ್ತು. ನೌಕರರ ಶಿಸ್ತುಕ್ರಮದ 1957ರ ಸಿಸಿಎ ನಿಯಮಗಳ ಪ್ರಕಾರ ದೋಷಾರೋಪಣ ಪಟ್ಟಿ, ವಿಚಾರಣಾಧಿಕಾರಿ, ಸಾಕ್ಷಿ, ಪಾಟೀಸವಾಲು ಎಲ್ಲವೂ ನಡೆದವು. ಕಾಯಂ ನೌಕರನನ್ನು ವಿಚಾರಣೆಯಿಲ್ಲದೆ ತೆಗೆದರೆ ಆದೇಶ ಆಡಳಿತ ನ್ಯಾಯಮಂಡಳಿಯಲ್ಲಿ ಬಿದ್ದುಹೋಗುತ್ತದೆ ಅಂತ ಕಚೇರಿಗೂ ಭಯ. ಮೂರು ವರ್ಷ ಎಳೆಯಿತು. ಎಷ್ಟೋ ಜನ ಇಲ್ಲಿ ರಾಜೀನಾಮೆ ಕೊಟ್ಟು ಪಾರಾಗೋಣ ಅಂದುಕೊಳ್ಳುತ್ತಾರೆ. ವಿಚಾರಣೆ ಬಾಕಿ ಇದ್ದಾಗ ಅದನ್ನು ಸಾಮಾನ್ಯವಾಗಿ ಅಂಗೀಕರಿಸುವುದಿಲ್ಲ.

2023ರಲ್ಲಿ ಆದೇಶ ಬಂತು, ವಜಾ. ‘ಸೇವೆಯಿಂದ ತೆಗೆದುಹಾಕುವುದು’ ಅಂತ ಇನ್ನೊಂದು ಶಿಕ್ಷೆ ಇದೆ, ಅದಾದವನು ಮುಂದೆ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಬಹುದು. ವಜಾ ಆದವನಿಗೆ ಸಾಮಾನ್ಯವಾಗಿ ಆ ಬಾಗಿಲೂ ಮುಚ್ಚುತ್ತದೆ. ಇವನು 2006ರ ಏಪ್ರಿಲ್‌ಗಿಂತ ಮೊದಲು ಸೇರಿದವನು, ಹಳೆ ಪಿಂಚಣಿಯವನು. ಪಿಂಚಣಿ ಹೋಯಿತು, ಗ್ರಾಚ್ಯುಟಿ ಹೋಯಿತು. ಸಂಬಳದಿಂದ ಮುರಿದ ಜಿಪಿಎಫ್ ಅವನದೇ ದುಡ್ಡು, ಅದು ಕೈಗೆ ಬಂತು. ಜೊತೆಗೆ ಮೋಸ, ಖೊಟ್ಟಿ ದಾಖಲೆ ಅಂತ ಐಪಿಸಿ 420, 468, 471ರ ಕೇಸು ಬೇರೆ.

‘ಇಷ್ಟು ವರ್ಷ ದುಡಿದದ್ದಕ್ಕೆ ಬೆಲೆ ಇಲ್ಲವೇ?’ ಅಂತ ಅವನ ಹೆಂಡತಿ ನನ್ನನ್ನೇ ಕೇಳಿದಳು. ಸುಳ್ಳು ಜಾತಿ ಪ್ರಮಾಣಪತ್ರದಿಂದ ಸೇರಿದ್ದ ಕೇರಳದ ಒಬ್ಬ ಪೊಲೀಸ್ ಅಧಿಕಾರಿ 27 ವರ್ಷದ ಸೇವೆ ತೋರಿಸಿ, ಪಿಂಚಣಿಯಾದರೂ ಉಳಿಯುವ ಹಾಗೆ ಶಿಕ್ಷೆ ಬದಲಿಸಿ ಅಂತ ಸುಪ್ರೀಂ ಕೋರ್ಟಿನ ಮುಂದೆ ಬೇಡಿಕೊಂಡಿದ್ದರು. ನೇಮಕವೇ ಮೋಸದ್ದಾದ ಮೇಲೆ ಅದರ ಮೇಲೆ ಕಟ್ಟಿದ ಸೇವೆಗೆ ಬೆಲೆಯಿಲ್ಲ ಅಂತ 2004ರಲ್ಲಿ ಕೋರ್ಟು ಒಪ್ಪಲಿಲ್ಲ. ಆ ಹೆಣ್ಣುಮಗಳಿಗೆ ನಾನು ಇದನ್ನು ಹೇಳಲಿಲ್ಲ. ‘ವಕೀಲರನ್ನ ಕೇಳ್ರೆವಾ’ ಅಂದು ಎದ್ದು ಬಂದೆ.

ಮೊನ್ನೆ ಅವನು ವಕೀಲರಿಗೆ ಕೊಡಲು ಟ್ರಂಕಿನಿಂದ ಹಳೆ ಕಾಗದಗಳನ್ನು ತೆಗೆದು ಮರಾಠಿ ಓದಿಸಿಕೊಳ್ಳಲು ನನ್ನ ಹತ್ತಿರ ಬಂದಿದ್ದ. ಅದರಲ್ಲಿ ಅವನ ನಿಜವಾದ ಅಂಕಪಟ್ಟಿಯೂ ಇತ್ತು, ಮಡಿಕೆ ಹರಿದಿದೆ, ಸೀಲು ಮಾಸಿದೆ. ಇಂಗ್ಲಿಷು, ಗಣಿತ ಎರಡಕ್ಕೂ ನಾಪಾಸ. ಆ ಕಾಗದ ಕೊಟ್ಟಿದ್ದರೆ 2003ರಲ್ಲೇ ಜವಾನನ ಹುದ್ದೆ ಸಿಗುತ್ತಿತ್ತು.