ಗೋಡಂಬಿ ಅಲರ್ಜಿ ಇರುವ ಮಗನ ಪ್ರೋಟೀನ್ ಪುಡಿ: ಗಿರಣಿಗೆ ಕೊಡಬೇಡಿ ಅಕ್ಕ

"ಮಗನಿಗೆ 14 ವರ್ಷ, 46 ಕೆಜಿ. ಗೋಡಂಬಿ, ಪಿಸ್ತಾ ಅಲರ್ಜಿ. ಕಬಡ್ಡಿ ಕೋಚ್ ಪ್ರೋಟೀನ್ ಜಾಸ್ತಿ ಕೊಡಿ ಅಂದಿದ್ದಾರೆ. ನಾವು ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಡ್ರೈ ಫ್ರೂಟ್ಸ್ ಬಿಟ್ಟು ಹುರಿಗಡಲೆ, ಶೇಂಗಾ, ಕುಂಬಳ ಬೀಜ ಹಾಕಿ ಗಿರಣಿಯಲ್ಲಿ ಪುಡಿ ಮಾಡಿಸಿದ್ದೇನೆ. ದಿನಕ್ಕೆ ಎರಡು ಸ್ಪೂನ್ ಸಾಕಾ?"

ಅಕ್ಕ, ಆ ಪುಡಿಯನ್ನು ದಯವಿಟ್ಟು ಅವನಿಗೆ ಕೊಡಬೇಡಿ. ಒಂದು ಸ್ಪೂನೂ ಬೇಡ. ನೀವು ಹಾಕಿದ ಸಾಮಾನಿನಲ್ಲಿ ತಪ್ಪಿಲ್ಲ, ತಪ್ಪು ಗಿರಣಿಯದು. ನಾನೂ ಇದನ್ನೇ ಮಾಡಿದ್ದೆ, ಅದಕ್ಕೇ ಓದಿದ ತಕ್ಷಣ ಬರೆಯಲು ಕೂತೆ.

ನನ್ನ ಮಗಳಿಗೂ ಇದೇ ಜೋಡಿ, ಗೋಡಂಬಿ ಮತ್ತು ಪಿಸ್ತಾ. ಅವಳು ಏಳನೇ ಕ್ಲಾಸಿನಲ್ಲಿದ್ದಾಗ ರಾಗಿ, ಹುರಿಗಡಲೆ, ಹೆಸರುಕಾಳು ಹುರಿದು ಗಿರಣಿಗೆ ತೆಗೆದುಕೊಂಡು ಹೋದೆ. ನನಗಿಂತ ಮುಂಚೆ ಬಂದವರು ಮೊಮ್ಮಗುವಿಗೆ ಸರಿ ಹಿಟ್ಟು ಬೀಸಿಸುತ್ತಿದ್ದರು. ಅದರಲ್ಲಿ ಬಾದಾಮಿ, ಗೋಡಂಬಿ ಎಲ್ಲಾ ಇತ್ತು. ನನಗೆ ಅಷ್ಟು ಬುದ್ಧಿ ಇತ್ತು, ಮೊದಲು ಅರ್ಧ ಕೆಜಿ ಅಕ್ಕಿ ಹಾಕಿ ಗಿರಣಿ ತೊಳೆದ ಹಾಗೆ ಮಾಡಿಸಿದೆ. ಸಾಕು ಅಂದುಕೊಂಡೆ. ಆದರೆ ಹಿಟ್ಟು ಬೀಳುವ ಬಾಯಿಗೆ ಒಂದು ಬಟ್ಟೆ ಕಟ್ಟಿರುತ್ತಾರಲ್ಲ, ಅದನ್ನು ಆತ ಎರಡು ಸಲ ಕೈಯಿಂದ ತಟ್ಟಿದ. ಅದರೊಳಗೆ ಅಂಟಿದ್ದದ್ದೆಲ್ಲಾ ನನ್ನ ಡಬ್ಬಿಗೆ ಬಿತ್ತು. ಗೋಡಂಬಿಯಲ್ಲಿ ಎಣ್ಣೆ ಇರುವುದರಿಂದ ಅದು ರಾಗಿ ಹಿಟ್ಟಿನ ಹಾಗೆ ಉದುರಿ ಹೋಗುವುದಿಲ್ಲ, ಮೆತ್ತಿಕೊಳ್ಳುತ್ತದೆ.

ಮಾರನೆಯ ದಿನ ಹಾಲಿಗೆ ಕದಡಿ ಕೊಟ್ಟೆ. ಹದಿನೈದು ನಿಮಿಷಕ್ಕೆ ಗಂಟಲು ಕೆರೆತ ಅಂದಳು. ತುಟಿ ದಪ್ಪ ಆಯಿತು, ಕುತ್ತಿಗೆ ತುಂಬಾ ದದ್ದು, ಆಮೇಲೆ ವಾಂತಿ. ನಾನು ಅಲರ್ಜಿ ಸಿರಪ್ ಕೊಟ್ಟು ಕಾಯುತ್ತಾ ಕೂತೆ. ಅದು ನನ್ನ ಎರಡನೇ ತಪ್ಪು. ಚರ್ಮದ ಜೊತೆಗೆ ಹೊಟ್ಟೆ ಅಥವಾ ಉಸಿರಿನ ತೊಂದರೆಯೂ ಸೇರಿಕೊಂಡರೆ ಸಿರಪ್ ನಂಬಿ ಕೂರಬಾರದು, ಅಡ್ರಿನಾಲಿನ್ ಇಂಜೆಕ್ಷನ್ ಬೇಕು ಎಂದು ಡಾಕ್ಟರ್ ಸರಿಯಾಗಿ ಬೈದರು. ಹೀಗಾದಾಗ ಏನು ಮಾಡಬೇಕು ಅನ್ನುವುದನ್ನು ನಿಮ್ಮ ಡಾಕ್ಟರ್ ಹತ್ತಿರ ಬರೆಸಿಕೊಂಡಿದ್ದೀರಾ? ಇಲ್ಲದಿದ್ದರೆ ಪ್ರೋಟೀನ್ ಲೆಕ್ಕಕ್ಕಿಂತ ಮೊದಲು ಆ ಕೆಲಸ ಮಾಡಿ. ಕೋಚ್ ಹತ್ತಿರವೂ ಒಂದು ಕಾಪಿ ಇರಲಿ.

ಈಗ ಲೆಕ್ಕಕ್ಕೆ ಬರೋಣ. ಎರಡು ಸ್ಪೂನ್ ಪುಡಿ ಅಂದರೆ ಹೆಚ್ಚೆಂದರೆ 20 ಗ್ರಾಂ. ಅದರಲ್ಲಿ ಪ್ರೋಟೀನ್ ಸಿಗುವುದು 4ರಿಂದ 5 ಗ್ರಾಂ. ಅದನ್ನು ಕದಡುವ ಒಂದು ದೊಡ್ಡ ಲೋಟ ಹಾಲಿನಲ್ಲೇ 8 ಗ್ರಾಂ ಇದೆ! ಅಂದರೆ ಇಡೀ ದಿನದಲ್ಲಿ ಜಾಸ್ತಿ ಅಪಾಯ ಇರುವ ವಸ್ತುವಿನಿಂದಲೇ ಕಡಿಮೆ ಪ್ರೋಟೀನ್. ಆಟ ಆಡುವ ಹುಡುಗನಿಗೆ ಕೆಜಿಗೆ 1.3 ಗ್ರಾಂ ಹಿಡಿದರೆ ನಿಮ್ಮವನಿಗೆ ಸುಮಾರು 60 ಗ್ರಾಂ. ಅದು ಊಟದಿಂದಲೇ ಬರುತ್ತದೆ.

ನಮ್ಮ ಮನೆಯ ದಿನ ಹೀಗಿರುತ್ತದೆ. ಬೆಳಿಗ್ಗೆ ಹೆಸರುಕಾಳಿನ ದೋಸೆ, ಒಬ್ಬರಿಗೆ 60 ಗ್ರಾಂ ಕಾಳು ನೆನೆಸುತ್ತೇನೆ. ಅಲ್ಲಿಗೆ 14 ಗ್ರಾಂ, ಜೊತೆಗೆ ಹಾಲು ಸೇರಿ 22. ಮಧ್ಯಾಹ್ನದ ಡಬ್ಬಿಗೆ ಮೂರು ಚಪಾತಿ, ಗಟ್ಟಿಯಾದ ಅಲಸಂದೆ ಪಲ್ಯ, ಒಂದು ಬಟ್ಟಲು ಮೊಸರು. ಅದು 22ರ ಹತ್ತಿರ. ಸಂಜೆ ಪ್ರಾಕ್ಟೀಸ್ ಮುಗಿಸಿ ಬಂದಾಗ 25 ಗ್ರಾಂ ಸೋಯಾ ಚಂಕ್ಸ್, ಅದರಲ್ಲೇ 13. ರಾತ್ರಿ ಮುದ್ದೆ, ಸೊಪ್ಪಿನ ಸಾರು, 10 ಅಂತಿಟ್ಟುಕೊಳ್ಳಿ. ಒಟ್ಟು 67. ಒಂದು ದಿನ ಡಬ್ಬಿಯಲ್ಲಿ ಪಲ್ಯ ಹಾಗೇ ವಾಪಸ್ ಬಂದರೂ ದೊಡ್ಡ ನಷ್ಟ ಇಲ್ಲ. ಸಾರಿನ ತಿಳಿ ಮಾತ್ರ ಬಡಿಸಿ ಬೇಳೆ ಕೊಟ್ಟೆ ಅಂದುಕೊಳ್ಳಬೇಡಿ, ತಳದ ಬೇಳೆ ತಟ್ಟೆಗೆ ಬರಬೇಕು. ಸೋಯಾ ಮೊದಲ ಸಲವಾದರೆ ನಾಲ್ಕು ತುಂಡಿನಿಂದ ಶುರು ಮಾಡಿ. ಬಿಸಿನೀರಲ್ಲಿ ನೆನೆಸಿ ಎರಡು ಸಲ ಹಿಂಡಿ, ಇಲ್ಲದಿದ್ದರೆ ಆ ವಾಸನೆಗೆ ಮಕ್ಕಳು ಮುಟ್ಟುವುದಿಲ್ಲ.

ಪುಡಿ ಬೇಕೇ ಬೇಕು ಅಂದರೆ ಮನೆಯಲ್ಲೇ ಮಾಡಿ. ಹುರಿಗಡಲೆ ಪ್ಯಾಕೆಟ್‌ನದ್ದು ತನ್ನಿ, ಬಿಡಿಯಾಗಿ ಬೇಡ. ಅಂಗಡಿಯಲ್ಲಿ ಗೋಡಂಬಿಗೂ ಹುರಿಗಡಲೆಗೂ ಒಂದೇ ಸೌಟು ಓಡಾಡುತ್ತದೆ. ಕುಂಬಳ ಬೀಜವನ್ನು ನಾನು ಬಿಟ್ಟೇ ಬಿಟ್ಟೆ. ಅದು ಸಿಗುವುದೇ ಡ್ರೈ ಫ್ರೂಟ್ಸ್ ಅಂಗಡಿಯಲ್ಲಿ. ಒಮ್ಮೆ ತಟ್ಟೆಗೆ ಸುರಿದು ನೋಡಿದಾಗ ಪಿಸ್ತಾ ಚೂರು ಕೈಗೆ ಸಿಕ್ಕಿತ್ತು. ಚಾರೋಳಿಯೂ ಬೇಡ, ಅದು ಗೋಡಂಬಿ ಕುಟುಂಬದ್ದೇ. ಮಿಕ್ಸಿಗೆ ಬೇರೆ ಜಾರ್ ಇಡಿ. ಹಳೇ ಜಾರಿನ ಬ್ಲೇಡ್ ಬಿಚ್ಚಿ ವಾಷರ್ ಕೆಳಗೆ ಒಮ್ಮೆ ನೋಡಿ, ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತದಲ್ಲ, ಅದು ಎಂದೋ ರುಬ್ಬಿದ ಕುರ್ಮಾ ಮಸಾಲೆ. ಜರಡಿಯೂ ಬೇರೆ ಇರಲಿ. ಹುರಿದರೆ ಅಲರ್ಜಿ ಅಂಶ ಸಾಯುತ್ತದೆ ಅನ್ನುವ ಮಾತು ನಂಬಬೇಡಿ, ಹುರಿದ ಗೋಡಂಬಿಯೂ ಅಷ್ಟೇ ಅಪಾಯ.

ಮೇಲೆ ಒಬ್ಬರು ಅಣ್ಣ "ಶೇಂಗಾನೂ ನಟ್ಸೇ, ಬಿಡಿ" ಅಂದಿದ್ದಾರೆ. ಅರ್ಧ ಸರಿ. ಶೇಂಗಾ ಬೇಳೆಕಾಳಿನ ಜಾತಿ, ಗೋಡಂಬಿ ಅಲರ್ಜಿ ಇದ್ದ ಮಾತ್ರಕ್ಕೆ ಬಿಡಬೇಕಿಲ್ಲ. ಆದರೆ ಎರಡೂ ಆಗದವರಿದ್ದಾರೆ. ನಿಮ್ಮ ಮಗ ಇಷ್ಟು ದಿನ ಶೇಂಗಾ ಚಟ್ನಿ ತಿಂದು ಏನೂ ಆಗಿಲ್ಲ ಅಂದರೆ ಮುಂದುವರಿಸಿ. ತಿಂದೇ ಇಲ್ಲ ಅಂದರೆ ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಅವರೇ "ದಿನಾ ಒಂದು ಚೂರು ಗೋಡಂಬಿ ಕೊಟ್ಟರೆ ಅಭ್ಯಾಸ ಆಗುತ್ತೆ" ಅಂತಲೂ ಬರೆದಿದ್ದಾರೆ. ಅಣ್ಣಾ, ಆ ಥರದ ಚಿಕಿತ್ಸೆ ಇರುವುದು ನಿಜ, ಆದರೆ ಅದನ್ನು ಅಲರ್ಜಿ ಡಾಕ್ಟರ್ ಅಳತೆ ಇಟ್ಟು, ಕಣ್ಣೆದುರು ಕೂರಿಸಿಕೊಂಡು ಮಾಡುತ್ತಾರೆ. ಮನೆಯಲ್ಲಿ ಪ್ರಯೋಗ ಮಾಡಿ ಅಂತ ಇಲ್ಲಿ ಬರೆಯಬೇಡಿ, ಯಾರಾದರೂ ಮಾಡಿಬಿಡುತ್ತಾರೆ.

ಬಾದಾಮಿ ವಿಷಯದಲ್ಲಿ ನಮ್ಮ ಮನೆಯಲ್ಲೇ ಇನ್ನೂ ತೀರ್ಮಾನ ಆಗಿಲ್ಲ. ಒಬ್ಬ ಡಾಕ್ಟರ್ ಎಲ್ಲಾ ಬಿಡಿ ಅಂದರು, ಇನ್ನೊಬ್ಬರು ಆಸ್ಪತ್ರೆಯಲ್ಲಿ ತಿನ್ನಿಸಿ ನೋಡೋಣ ಅಂದರು. ನಮ್ಮ ಡಯಟೀಷಿಯನ್ ಮೇಡಂ ಮೇಲೆ ಬರೆದ ಹಾಗೆ ರಕ್ತ ಪರೀಕ್ಷೆ ಪಾಸಿಟಿವ್ ಅಂದ ಮಾತ್ರಕ್ಕೆ ತಿಂದರೆ ಆಗುವುದಿಲ್ಲ ಅಂತಲ್ಲ. ಆದರೂ ನನಗಿನ್ನೂ ಧೈರ್ಯ ಬಂದಿಲ್ಲ.

ಗಂಡನಿಗೆ ಮೊಟ್ಟೆ ಅಲರ್ಜಿ ಅಂತ ಕೇಳಿದ ತಂಗಿಗೆ: ನಿಮ್ಮದು ಬೇರೆ ದಾರಿ. ಅವರು ಪೌಡರ್ ಡಬ್ಬಿಯಲ್ಲಿ ಆಲ್ಬುಮಿನ್ ಅನ್ನುವ ಹೆಸರು ಹುಡುಕಬೇಕು, ಅದು ಮೊಟ್ಟೆಯ ಬಿಳಿಯ ಪ್ರೋಟೀನ್, ಇದ್ದರೆ ಬೇಡ. ಎರಡು ಮೂರು ಪ್ರೋಟೀನ್ ಬೆರೆಸಿದ ಪೌಡರ್‌ಗಳಲ್ಲಿ ಅದು ಇರಬಹುದು. ಕೋಳಿ ಮೊಟ್ಟೆ ಬದಲು ಬಾತುಕೋಳಿ ಮೊಟ್ಟೆ ಅನ್ನುವುದು ಬೇಡವೇ ಬೇಡ.

ಅಂಗಡಿಯ ವೇ ಪ್ರೋಟೀನ್ ಬಗ್ಗೆಯೂ ಹೇಳಿಬಿಡುತ್ತೇನೆ. 14 ವರ್ಷದವನಿಗೆ ಅದು ಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ, ನಂದಿನಿ ಹಾಲು, ಮೊಸರು ಸಾಕು. ನಂದಿನಿಯಲ್ಲೂ ಸಾದಾ ಹಾಲೇ ತನ್ನಿ, ಬಾದಾಮಿ ಹಾಲು ಬೇಡ. ವೇ ಕೊಡಲೇಬೇಕಾದರೆ ಫ್ಲೇವರ್ ಇಲ್ಲದ್ದು ಕೊಳ್ಳಿ. ಒಂದೇ ಕಂಪನಿಯ ಚಾಕೊಲೇಟ್ ಡಬ್ಬಿ ಸರಿ ಇದ್ದು ಕೇಸರ್ ಪಿಸ್ತಾ ಡಬ್ಬಿ ವಿಷ ಆಗಬಹುದು. ಪ್ರತಿ ಸಲ ಹೊಸ ಡಬ್ಬಿಯ ಲೇಬಲ್ ಓದಿ. 'ಮೇ ಕಂಟೇನ್ ನಟ್ಸ್' ಅಂತಿದ್ದರೆ ಅಲ್ಲೇ ಇಟ್ಟು ಬನ್ನಿ.

ಹೋಟೆಲ್ ಪನೀರ್ ಗ್ರೇವಿ ಪ್ರೋಟೀನ್ ಅಂತ ತಿನ್ನಿಸಬೇಡಿ, ಆ ದಪ್ಪ ಬರುವುದೇ ಗೋಡಂಬಿಯಿಂದ. ಮನೆಯಲ್ಲಿ ಹುರಿಗಡಲೆ, ಕೊಬ್ಬರಿ ರುಬ್ಬಿ ಹಾಕಿದರೆ ಅದೇ ಹದ ಬರುತ್ತದೆ. ನಮ್ಮವಳಿಗೆ ಕೊಬ್ಬರಿ ಆಗುತ್ತದೆ, ನಿಮ್ಮವನಿಗೆ ಗೊತ್ತಿಲ್ಲದಿದ್ದರೆ ಬರೀ ಹುರಿಗಡಲೆ ಹಾಕಿ.

ಟೂರ್ನಮೆಂಟ್ ದಿನ ಆಟ ಮುಗಿದ ಮೇಲೆ ಎಲ್ಲರಿಗೂ ಲಡ್ಡು, ಎನರ್ಜಿ ಬಾರ್ ಹಂಚುತ್ತಾರೆ. ಹಸಿದ ಹುಡುಗ ಕೈಗೆ ಬಂದದ್ದನ್ನು ಬಾಯಿಗೆ ಹಾಕಿಕೊಳ್ಳುತ್ತಾನೆ. ನಾನು ಉಪ್ಪು ಖಾರ ಹಾಕಿ ಹುರಿದ ಕಡಲೆಕಾಳಿನ ಡಬ್ಬಿಯನ್ನು ಬ್ಯಾಗಿನ ಮೇಲಿನ ಜಿಪ್‌ನಲ್ಲೇ ಇಟ್ಟು ಕಳಿಸುತ್ತೇನೆ, ನೀರಿನ ಬಾಟಲಿ ತೆಗೆಯುವಾಗಲೇ ಅದು ಕೈಗೆ ಸಿಗಬೇಕು.