ಹಬ್ಬದ ವ್ಯಾಪಾರವೋ, ನಿಜವಾದ ಬೆಳವಣಿಗೆಯೋ?

ನಮ್ಮದು ಸಕ್ಕರೆ ಹೋಲ್‌ಸೇಲ್. ದೀಪಾವಳಿಗೆ ಮಾರಾಟ ಏರುತ್ತೆ, ಆಮೇಲೆ ಇಳಿಯುತ್ತೆ. ವ್ಯಾಪಾರ ನಿಜವಾಗಿ ಬೆಳೀತಿದೆಯಾ ಅಂತ ತಿಳಿಯೋದು ಹೇಗೆ?

ಪ್ರತಿ ತಿಂಗಳೂ ಹಿಂದಿನ 12 ತಿಂಗಳ ಸರಾಸರಿ ತೆಗೆಯಿರಿ. ಅದು ಏರುತ್ತಾ ಹೋದರೆ ವ್ಯಾಪಾರ ಬೆಳೆಯುತ್ತಿದೆ. ಯಾವ 12 ತಿಂಗಳು ಹಿಡಿದರೂ ಒಂದು ಮಳೆಗಾಲ, ಒಂದು ಮದುವೆ ಸೀಸನ್ ಇದ್ದೇ ಇರುತ್ತದೆ, ಅಲ್ವಾ? ಹಾಗಾಗಿ ಸೀಸನ್ನಿನ ಏರಿಳಿತ ಸರಾಸರಿಯಲ್ಲಿ ಕರಗಿಹೋಗುತ್ತದೆ.

ಈ ಅಕ್ಟೋಬರ್ ಸೇರಿದಾಗ ಕಳೆದ ಅಕ್ಟೋಬರ್ ಹೊರಬೀಳುತ್ತದೆ. ಆಗ 300 ಮೂಟೆ, ಈಗ 360 ಆದರೆ, 60ನ್ನು 12ರಿಂದ ಭಾಗಿಸಿ: ಸರಾಸರಿ ಏರುವುದು ಬರೀ 5 ಮೂಟೆ. ಅದನ್ನೂ ಸುಮ್ನೆ ನಂಬಬೇಡಿ. ಹೋದ ವರ್ಷ ನವೆಂಬರ್‌ನಲ್ಲಿದ್ದ ದೀಪಾವಳಿ ಈ ಸಲ ಅಕ್ಟೋಬರ್‌ಗೆ ಬಂದಿದ್ದರೆ, ಆ 12 ತಿಂಗಳಲ್ಲಿ ಎರಡು ದೀಪಾವಳಿ ಸೇರಿರುತ್ತವೆ. ನವೆಂಬರ್ ಲೆಕ್ಕ ಬರುವವರೆಗೆ ಕಾಯಿರಿ. ಲೆಕ್ಕ ಮೂಟೆಯಲ್ಲೇ ಇರಲಿ. ರೂಪಾಯಿಯಲ್ಲಿ ಹಾಕಿದರೆ ಬೆಲೆ ಏರಿಕೆಯೂ ಬೆಳವಣಿಗೆಯಂತೆ ಕಾಣುತ್ತದೆ.